ಒಂದೇ ಮೊಳೆ, ಎರಡು ಟೈರು: ಯಾವುದಕ್ಕೆ ಪ್ಯಾಚ್, ಯಾವುದು ಗುಜರಿಗೆ?

ನಮ್ಮ ಜಕ್ಕಲಿಯ ಸುತ್ತ ರಸ್ತೆಯಲ್ಲಿ ಮೊಳೆ ಸಿಗುವುದಕ್ಕೆ ಯಾರದ್ದೋ ಕಿತಾಪತಿ ಬೇಕಾಗಿಲ್ಲ. ಇಲ್ಲಿ ಇನ್ನೂ ಎತ್ತುಗಳಿವೆ, ಚಕ್ಕಡಿಗಳಿವೆ. ಡಾಂಬರು ರಸ್ತೆಯ ಮೇಲೆ ನಡೆದು ನಡೆದು ಎತ್ತಿನ ಕಾಲಿನ ಲಾಳ ಸವೆಯುತ್ತದೆ, ಮೊಳೆ ಸಡಿಲಾಗಿ ಬೀಳುತ್ತದೆ. ಹೆಸರು ಕಾಳಿನ ಸುಗ್ಗಿಯಲ್ಲೂ ಕಡಲೆ ಒಕ್ಕುವ ಕಾಲದಲ್ಲೂ ಹೊಲಕ್ಕೆ ಹೋಗಿ ಬರುವ ಗಾಡಿ ಜಾಸ್ತಿ, ಹಂಗಾಗಿ ಪಂಚರ್ ಕೂಡ ಜಾಸ್ತಿ. ಅದರ ಜೊತೆಗೆ ಮನೆ ಕಟ್ಟುವ ಕಡೆ ಸೆಂಟ್ರಿಂಗ್ ಹಲಗೆಯಿಂದ ಉದುರಿದ ಮೊಳೆ, ಟ್ರ್ಯಾಕ್ಟರ್ ಟ್ರಾಲಿಯಿಂದ ಬಿದ್ದ ನಟ್ಟು ಬೋಲ್ಟು, ಹೊಲದ ಬದುವಿನ ಬಳ್ಳಾರಿ ಜಾಲಿಯ ಮುಳ್ಳು.

ನಾವು ಸುದ್ದಿಗಂತ ರೋಣ, ನರೇಗಲ್, ಗಜೇಂದ್ರಗಡ ಅಂತ ತಿರುಗುವವರು. ಪಂಚರ್ ಅಂಗಡಿ ಮುಂದೆ ಕುಂತು ಚಹಾ ಕುಡಿಯುವುದು ನಮಗೆ ಹೊಸದಲ್ಲ. ಅಲ್ಲಿ ಕೇಳುವ ಪ್ರಶ್ನೆ ಯಾವಾಗಲೂ ಒಂದೇ: "ಇದು ಹಚ್ಚಿದ್ರ ನಡಿತೈತೇನ್ರಿ, ಇಲ್ಲ ಟೈರ ಬದಲಿ ಮಾಡಬೇಕಾ?" ಕೆಲವರು ಸಣ್ಣ ತೂತಿಗೆ ಹೆದರಿ ಒಳ್ಳೆ ಟೈರನ್ನು ಗುಜರಿಗೆ ಹಾಕುತ್ತಾರೆ. ಇನ್ನು ಕೆಲವರು ಗುಜರಿಗೆ ಹಾಕಬೇಕಾದ ಟೈರಿಗೆ ಬತ್ತಿ ತುರುಕಿಸಿಕೊಂಡು ಮಕ್ಕಳು ಮರಿ ಕೂಡಿಸಿಕೊಂಡು ಹುಬ್ಬಳ್ಳಿಗೆ ಹೊರಡುತ್ತಾರೆ. ಮೊದಲನೆಯದರಲ್ಲಿ ದುಡ್ಡು ಹೋಗುತ್ತದೆ, ಎರಡನೆಯದರಲ್ಲಿ ಜೀವವೇ ಹೋಗಬಹುದು.

ಈ ಪ್ರಶ್ನೆಗೆ ಉತ್ತರ ನಮಗೆ ಸರಿಯಾಗಿ ತಿಳಿದದ್ದು ಎರಡು ಕಾರುಗಳಿಂದ. ಎರಡಕ್ಕೂ ಚುಚ್ಚಿದ್ದು ಎತ್ತಿನ ಲಾಳದ ಮೊಳೆಯೇ. ಎರಡರಲ್ಲೂ ಮೊಳೆ ಹೊಕ್ಕಿದ್ದು ಟೈರಿನ ನಡುವೆಯೇ. ಆದರೆ ಒಂದು ಟೈರು ಇವತ್ತಿಗೂ ಓಡುತ್ತಿದೆ, ಇನ್ನೊಂದನ್ನು ಅಂಗಡಿಯವರು ಅಲ್ಲೇ ಬಿಡಿಸಿ ಬಿಸಾಕಿದರು.

ಮೊದಲನೇ ಕಾರು

ನಮ್ಮ ಓಣಿಯ ಹುಡುಗನೊಬ್ಬ ಬಾಡಿಗೆ ಕಾರು ಓಡಿಸುತ್ತಾನೆ. ಸಾಲದ ಕಾರು, ತಿಂಗಳಾದರೆ ಕಂತು. ಅವನಿಗೆ ಕಾಯಂ ಗಿರಾಕಿ ಅಂದರೆ ಡಯಾಲಿಸಿಸ್‌ಗೆ ಗದಗಕ್ಕೆ ಹೋಗುವ ಒಬ್ಬ ಅಜ್ಜ. ವಾರಕ್ಕೆ ಎರಡು ಸಲ, ತಪ್ಪಿಸುವ ಹಂಗಿಲ್ಲ. ಒಂದು ಮುಂಜಾನೆ ಕಾರು ಒರೆಸುವಾಗ ಹಿಂದಿನ ಎಡಗಡೆ ಟೈರಿನಲ್ಲಿ ಮೊಳೆಯ ತಲೆ ಕಂಡಿತು. ನಮ್ಮನ್ನು ಕೂಗಿದ.

"ಅಣ್ಣಾರ, ಕಿತ್ತು ಬಿಡ್ಲೇನ್ರಿ ಇದನ್ನ?"

"ಮುಟ್ಟಬ್ಯಾಡೋ ತಮ್ಮಾ, ಮೊದಲು ಗಾಳಿ ನೋಡು" ಅಂದೆವು.

ಕಾರಿಗೆ ಇರಬೇಕಾದ ಗಾಳಿ 33 ಪಾಯಿಂಟು. ಇದನ್ನು ಡ್ರೈವರ್ ಬಾಗಿಲು ತೆಗೆದರೆ ಕಾಣುವ ಕಂಬದ ಮೇಲಿನ ಚೀಟಿಯಲ್ಲಿ ಕಂಪನಿಯವರೇ ಬರೆದಿರುತ್ತಾರೆ, ಒಂದೊಂದು ಕಾರಿಗೆ ಒಂದೊಂದು. ನೋಡಿದರೆ 27 ಇತ್ತು. ಅಂದರೆ ರಾತ್ರಿಯೆಲ್ಲ ಸೋರಿ ಆರು ಪಾಯಿಂಟು ಇಳಿದಿತ್ತು ಅಷ್ಟೆ. ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆಯೇ ತೂತಿಗೆ ಬಿರಡೆ. ಅದು ಕೂತಿರುವಷ್ಟು ಹೊತ್ತು ಗಾಳಿ ನಿಧಾನಕ್ಕೆ ಹೋಗುತ್ತದೆ, ಕಿತ್ತರೆ ಬುಸ್ಸೆಂದು ಹೋಗುತ್ತದೆ. ಕೀಳುವುದು ಅಂಗಡಿಯಲ್ಲಿ, ರಸ್ತೆ ಬದಿಯಲ್ಲಿ ಅಲ್ಲ.

ಅಜ್ಜನನ್ನು ಆ ಟೈರಿನ ಮೇಲೆ ಕರೆದೊಯ್ಯುವುದು ಬೇಡ ಅಂತ ಸ್ಟೆಪ್ನಿ ಹಾಕಿದೆವು. ಹಾಕುವ ಮುಂಚೆ ಸ್ಟೆಪ್ನಿಯ ಗಾಳಿಯನ್ನೂ ನೋಡಿದೆವು. ಡಿಕ್ಕಿಯಲ್ಲಿ ವರ್ಷಗಟ್ಟಲೆ ಮಲಗಿದ ಸ್ಟೆಪ್ನಿಯಲ್ಲಿ ಎಷ್ಟೋ ಸಲ ಗಾಳಿ ಅರ್ಧವೂ ಇರುವುದಿಲ್ಲ. ಅಜ್ಜನನ್ನು ಆಸ್ಪತ್ರೆಯಲ್ಲಿ ಬಿಟ್ಟ ಮೇಲೆ ನಾಲ್ಕು ತಾಸು ಹೇಗೂ ಕಾಯಬೇಕು. ಆ ಹೊತ್ತಿನಲ್ಲಿ ಮೊಳೆ ಚುಚ್ಚಿದ ಟೈರನ್ನು ಗದಗಿನ ಒಂದು ಟೈರ್ ಅಂಗಡಿಗೆ ಒಯ್ದೆವು.

ಕಾಕಾ ಮಾಡಿದ ಕೆಲಸ

ಅಂಗಡಿಯ ಕಾಕಾ ವಯಸ್ಸಾದವರು, ಮಾತು ಕಡಿಮೆ. ಮೊದಲು ಮೊಳೆಯ ಸುತ್ತ ಸೋಪಿನ ನೀರು ಹಚ್ಚಿದರು, ಗುಳ್ಳೆ ಬಂದವು. ಕೆಲವು ಸಲ ಗಿಡ್ಡ ಮೊಳೆ ಟೈರಿನ ದಪ್ಪ ರಬ್ಬರಿನಲ್ಲೇ ಸಿಕ್ಕಿಕೊಂಡು ಒಳಗೆ ಹೋಗಿರುವುದೇ ಇಲ್ಲ, ಆಗ ಗುಳ್ಳೆ ಬರುವುದಿಲ್ಲ, ಕಿತ್ತರೆ ಮುಗಿಯಿತು. ಇಲ್ಲಿ ಗುಳ್ಳೆ ಬಂದದ್ದರಿಂದ ಪಂಚರ್ ಖಾತ್ರಿ.

ಆಮೇಲೆ ಸುಣ್ಣದ ಕಡ್ಡಿಯಿಂದ ಮೊಳೆಯ ಜಾಗಕ್ಕೆ ಗುರುತು ಹಾಕಿದರು. ಗಾಳಿ ಬಿಟ್ಟು ಟೈರನ್ನು ಡಿಸ್ಕಿನಿಂದ ಪೂರ್ತಿ ಬಿಡಿಸಿದರು. ನಮ್ಮ ಹುಡುಗ, "ಕಾಕಾ, ಹೊರಗಿನಿಂದನ ಬತ್ತಿ ಹಾಕಿದ್ರ ಹತ್ತು ನಿಮಿಷದ ಕೆಲಸ ಅಲ್ಲೇನ್ರಿ?" ಅಂದ.

ಕಾಕಾ ತಲೆ ಎತ್ತದೆ ಹೇಳಿದರು: "ತಮ್ಮಾ, ಹೊಟ್ಟಿ ಬ್ಯಾನಿಗೆ ಅಂಗಿ ಮ್ಯಾಲಿಂದ ಮಲಾಮ ಹಚ್ತಾರೇನು? ಒಳಗ ಏನಾಗೇತಿ ನೋಡಬೇಕಲ್ಲ."

ಟೈರನ್ನು ಬೆಳಕಿಗೆ ಹಿಡಿದು ಒಳಗೆಲ್ಲ ಕೈಯಾಡಿಸಿದರು. ಒಳಮೈ ನುಣ್ಣಗಿತ್ತು, ಪುಡಿ ಇರಲಿಲ್ಲ, ಸೀಳು ಇರಲಿಲ್ಲ. ಆಮೇಲೆ ಇಕ್ಕಳದಿಂದ ಮೊಳೆ ಕಿತ್ತರು. ತಲೆ ಅಗಲ, ಮೈ ಚಪ್ಪಟೆ, ದಪ್ಪ ಸುಮಾರು 4 ಮಿಲಿಮೀಟರು. ಅದು ನೆಟ್ಟಗೆ ಹೊಕ್ಕಿತ್ತೋ ಓರೆಯಾಗಿ ಹೊಕ್ಕಿತ್ತೋ ಅಂತ ಒಂದು ತೆಳು ಕಡ್ಡಿ ಇಟ್ಟು ನೋಡಿದರು. ನೆಟ್ಟಗೇ ಇತ್ತು. ಓರೆಯಾಗಿ ಹೊಕ್ಕ ಮೊಳೆ ಹೊರಗೆ ಟೈರಿನ ನಡುವೆ ಕಂಡರೂ ಒಳಗೆ ಅಂಚಿಗೆ ಹೊರಟಿರಬಹುದು, ಅದಕ್ಕೇ ಈ ಪರೀಕ್ಷೆ.

ಮುಂದೆ ತೂತಿಗೆ ಸಣ್ಣ ಡ್ರಿಲ್ಲಿನ ಕಟರ್ ಹಾಕಿ ಒಳಗಿನಿಂದ ಒಮ್ಮೆ ಸ್ವಚ್ಛ ಮಾಡಿದರು. ಮೊಳೆ ತೂತು ಮಾಡುವಾಗ ಒಳಗಿನ ಉಕ್ಕಿನ ತಂತಿಗಳ ತುದಿ ಹರಿದು ಚೂಪಾಗಿ ನಿಂತಿರುತ್ತವೆ. ಅವು ಹಂಗೇ ಉಳಿದರೆ ಹಾಕಿದ ರಬ್ಬರನ್ನು ದಿನಾ ಕೊಯ್ಯುತ್ತಾ ಹೋಗುತ್ತವೆ. ತೂತಿನ ಸುತ್ತಲಿನ ಒಳಮೈಯನ್ನು ಹಗುರವಾಗಿ ಉಜ್ಜಿ ಒರಟು ಮಾಡಿದರು, ಪುಡಿಯನ್ನೆಲ್ಲ ತೆಗೆದರು, ಸಲ್ಯೂಷನ್ ಹಚ್ಚಿ ಒಣಗಲು ಬಿಟ್ಟರು. ಹಸಿ ಇದ್ದಾಗಲೇ ಪ್ಯಾಚ್ ಅಂಟಿಸಿದರೆ ಅದು ಹಿಡಿಯುವುದಿಲ್ಲ. ಬೆರಳಿಗೆ ಸ್ವಲ್ಪ ಜಿಗುಟು ಅನ್ನಿಸಬೇಕು, ಆದರೆ ಎಳೆ ಬರಬಾರದು.

ಆಮೇಲೆ ಬಂತು ಮಶ್ರೂಮ್ ಪ್ಯಾಚ್. ಹೆಸರಿನಂತೆ ಅಣಬೆಯ ಆಕಾರ, ಅಗಲ ತಲೆ, ಕೆಳಗೆ ಕಾಂಡ. ಕಾಂಡವನ್ನು ಒಳಗಿನಿಂದ ತೂತಿಗೆ ಪೋಣಿಸಿ ಹೊರಗಿನಿಂದ ಎಳೆದರು. ಕಾಂಡ ತೂತನ್ನು ತುಂಬಿತು, ತಲೆ ಒಳಮೈಗೆ ಅಂಟಿ ಕೂತಿತು. ಅದರ ಮೇಲೆ ಚಿಕ್ಕ ಗಾಲಿ ಉರುಳಿಸಿ, ನಡುವಿನಿಂದ ಅಂಚಿಗೆ, ಅಡಿಯ ಗಾಳಿಯೆಲ್ಲ ಹೊರಬರುವಂತೆ ಒತ್ತಿದರು. ಹೊರಗೆ ಚಾಚಿದ ಕಾಂಡವನ್ನು ಟೈರಿನ ಮೈಗೆ ಸಮನಾಗಿ ಕತ್ತರಿಸಿದರು. ಗಾಳಿ ತುಂಬಿ ಮತ್ತೆ ಸೋಪಿನ ನೀರು. ತೂತಿನ ಜಾಗ, ವಾಲ್, ಡಿಸ್ಕಿನ ಅಂಚು, ಎಲ್ಲಿಯೂ ಗುಳ್ಳೆ ಇಲ್ಲ. ಕೊನೆಗೆ ಬ್ಯಾಲೆನ್ಸಿಂಗ್. ಎಲ್ಲ ಸೇರಿ ಮುಕ್ಕಾಲು ತಾಸು ಹಿಡಿಯಿತು.

ಇದರಲ್ಲಿ ಎರಡು ಕೆಲಸ ಒಟ್ಟಿಗೆ ಆದವು ಅನ್ನುವುದನ್ನು ಗಮನಿಸಿ. ಕಾಂಡ ತೂತನ್ನು ತುಂಬಿದ್ದರಿಂದ ಹೊರಗಿನ ನೀರು, ಮಣ್ಣು ಒಳಗಿನ ಉಕ್ಕಿನ ತಂತಿಗೆ ತಾಗುವುದಿಲ್ಲ. ತಲೆ ಒಳಮೈಯನ್ನು ಮುಚ್ಚಿದ್ದರಿಂದ ಗಾಳಿ ಹೊರಗೆ ಹೋಗುವುದಿಲ್ಲ. ಬರೀ ಪ್ಯಾಚ್ ಹಾಕಿದರೆ ತಂತಿ ತುಕ್ಕು ಹಿಡಿಯುತ್ತದೆ, ಬರೀ ಬತ್ತಿ ಹಾಕಿದರೆ ಒಳಮೈ ತೆರೆದೇ ಇರುತ್ತದೆ. ಎರಡೂ ಕೂಡಿದರೆ ಮಾತ್ರ ಅದನ್ನು ಪೂರ್ತಿ ರಿಪೇರಿ ಅನ್ನಬಹುದು.

ಎರಡನೇ ಕಾರು

ಅದೇ ಅಂಗಡಿಯಲ್ಲಿ ನಾವು ಕುಂತಿರುವಾಗಲೇ ಇನ್ನೊಬ್ಬರು ಬಂದರು. ಗಜೇಂದ್ರಗಡದ ಕಡೆ ಮದುವೆ ಮುಗಿಸಿ ಹಿಂದಿನ ರಾತ್ರಿ ವಾಪಸ್ ಬರುವಾಗ ಗಾಳಿ ಇಳಿದಿತ್ತು. ಕಾರಿನ ತುಂಬ ಹೆಣ್ಣುಮಕ್ಕಳು, ಮಕ್ಕಳು, ಸುತ್ತ ಕತ್ತಲು. ಊರು ನಾಲ್ಕೇ ಕಿಲೋಮೀಟರು ಅಂತ ನಿಧಾನಕ್ಕೆ ಹೊಡೆದುಕೊಂಡು ಬಂದಿದ್ದರು. ಮುಂಜಾನೆ ಪಂಪಿನಿಂದ ಗಾಳಿ ತುಂಬಿದಾಗ ಟೈರು ಮತ್ತೆ ದುಂಡಗೆ ನಿಂತಿತು. ಹೊರಗೆ ನೋಡಿದರೆ ಏನೂ ಆಗಿಲ್ಲ, ನಡುವೆ ಒಂದು ಲಾಳದ ಮೊಳೆ. ಅವರಿಗೆ ಇದು ಸಣ್ಣ ಪಂಚರ್.

ಕಾಕಾ ಟೈರು ಬಿಡಿಸಿ ಡಿಸ್ಕಿನಿಂದ ಎತ್ತಿದಾಗ ಒಳಗಿನಿಂದ ಕಪ್ಪು ಪುಡಿ ಉದುರಿತು. ಕಾಡಿಗೆಯಂಥ ಪುಡಿ, ಒಂದು ಮುಷ್ಟಿ. ಪಕ್ಕದ ಗೋಡೆಯ ಒಳಮೈಯಲ್ಲಿ ಸುತ್ತಲೂ ಒಂದು ಉಂಗುರದ ಹಂಗೆ ಸುಕ್ಕು ಬಿದ್ದಿತ್ತು, ಅಲ್ಲಲ್ಲಿ ರಬ್ಬರು ಕಿತ್ತು ಒಳಗಿನ ನೂಲು ಕಾಣುತ್ತಿತ್ತು. ಹೆಬ್ಬೆರಳಿಂದ ಒತ್ತಿದರೆ ಆ ಜಾಗ ಮೆತ್ತಗೆ.

"ಇದು ಮುಗೀತ್ರಿ" ಅಂದರು ಕಾಕಾ.

"ತೂತು ಸಣ್ಣದೈತಲ್ಲರಿ?"

"ತೂತಿಂದ ಏನೂ ಅಲ್ರಿ. ಗ್ವಾಡಿ ಸತ್ತೈತಿ."

ಏನಾಗಿತ್ತು ಅಂದರೆ, ಕಾರಿನ ಭಾರವನ್ನು ಹೊರುವುದು ಟೈರಿನ ರಬ್ಬರಲ್ಲ, ಒಳಗಿನ ಗಾಳಿ. ಗಾಳಿ ಇಲ್ಲದಾಗ ಆ ಭಾರವೆಲ್ಲ ಪಕ್ಕದ ತೆಳು ಗೋಡೆಯ ಮೇಲೆ ಬೀಳುತ್ತದೆ. ಗೋಡೆ ಮಡಚಿ ಡಿಸ್ಕಿಗೂ ರಸ್ತೆಗೂ ನಡುವೆ ಸಿಕ್ಕಿ ಅರೆಯುತ್ತದೆ. ಸಣ್ಣ ಕಾರಿನ ಟೈರು ಒಂದು ಸುತ್ತು ಉರುಳಿದರೆ ಸುಮಾರು 2 ಮೀಟರ್ ದೂರ. ಅಂದರೆ ಒಂದು ಕಿಲೋಮೀಟರಿಗೆ 500 ಸುತ್ತು, ನಾಲ್ಕು ಕಿಲೋಮೀಟರಿಗೆ 2,000 ಸುತ್ತು. ಒಂದೊಂದು ಸುತ್ತಿಗೂ ಗೋಡೆಯ ಪ್ರತಿ ಜಾಗ ಒಂದು ಸಲ ಮಡಚಿ ಬಿಚ್ಚಿತು. ಒಂದು ತಂತಿಯನ್ನು ಕೈಯಲ್ಲಿ ಹಿಡಿದು ಇಪ್ಪತ್ತು ಸಲ ಅತ್ತಿತ್ತ ಮಣಿಸಿದರೆ ತುಂಡಾಗುವುದನ್ನು ನೀವು ನೋಡಿದ್ದೀರಿ. ಇಲ್ಲಿ ಎರಡು ಸಾವಿರ ಸಲ. ಆ ತಿಕ್ಕಾಟಕ್ಕೆ ಬಿಸಿಯಾಗಿ ರಬ್ಬರು ನೂಲಿನಿಂದ ಬಿಡುತ್ತದೆ, ಪುಡಿಯಾಗುತ್ತದೆ.

ಇಂಥ ಟೈರಿಗೆ ಮತ್ತೆ ಗಾಳಿ ತುಂಬಿದರೆ ನಿಲ್ಲುತ್ತದೆ, ಓಡುತ್ತದೆ ಕೂಡ. ಅದೇ ಅಪಾಯ. ಬೇಸಿಗೆಯ ಮಧ್ಯಾಹ್ನ, ತುಂಬಿದ ಕಾರು, ಒಳ್ಳೆ ರಸ್ತೆ ಸಿಕ್ಕಿತು ಅಂತ ವೇಗ, ಆಗ ಆ ಸತ್ತ ಗೋಡೆ ಒಮ್ಮೆಲೆ ಹರಿಯುತ್ತದೆ. ಹೊರಗಿನಿಂದ ಬತ್ತಿ ಹಾಕಿಸಿಕೊಂಡಿದ್ದರೆ ಆ ಪುಡಿ ಯಾರಿಗೂ ಕಾಣುತ್ತಿರಲಿಲ್ಲ. ಅವರು ಹೊಸ ಟೈರು ಹಾಕಿಸಿಕೊಂಡು ಹೋದರು. ರಾತ್ರಿ ಹೆಣ್ಣುಮಕ್ಕಳನ್ನು ಕತ್ತಲಲ್ಲಿ ಇಳಿಸಲು ಮನಸ್ಸು ಬರದೆ ಓಡಿಸಿದ್ದು ನಮಗೂ ಅರ್ಥವಾಗುತ್ತದೆ. ಆ ನಾಲ್ಕು ಕಿಲೋಮೀಟರಿಗೆ ಅವರು ಒಂದು ಟೈರಿನ ಬೆಲೆ ಕೊಟ್ಟರು, ಅಷ್ಟೇ ತಿಳಿದುಕೊಳ್ಳಬೇಕು. ಹಂಗೆ ಓಡಿಸಿದ ಮೇಲೆ ಅಂಗಡಿಯವರಿಗೆ ಅದನ್ನು ಮುಚ್ಚಿಡದೆ ಹೇಳಬೇಕು.

ಕೇಳಬೇಕಾದ ಮೂರು ಪ್ರಶ್ನೆ

ಈ ಎರಡು ಟೈರು ಇಟ್ಟುಕೊಂಡು ನೋಡಿದರೆ ಯಾವ ಮೊಳೆ ಪಂಚರಿಗೂ ಮೂರೇ ಪ್ರಶ್ನೆ: ತೂತು ಎಲ್ಲಿದೆ, ಎಷ್ಟು ದೊಡ್ಡದಿದೆ, ಒಳಗೆ ಏನಾಗಿದೆ. ಮೂರಕ್ಕೂ ಉತ್ತರ ಚಲೋ ಬಂದರೆ ರಿಪೇರಿ. ಒಂದು ಕೆಟ್ಟಿದ್ದರೂ ಬದಲಿ.

ಒಳಗಿನ ಮಾತು ಆಯಿತು. ಈಗ ಎಲ್ಲಿ ಅನ್ನುವುದು. ಕಾರಿನ ಟೈರನ್ನು ಮುಂದಿನಿಂದ ನೋಡಿದರೆ ಸುತ್ತಲೂ ಉದ್ದಕ್ಕೆ ಹೋಗುವ ಮೂರ್ನಾಲ್ಕು ಕಾಲುವೆ ಕಾಣುತ್ತವೆ. ಎಡಗಡೆಯ ಕೊನೆಯ ಕಾಲುವೆ ಮತ್ತು ಬಲಗಡೆಯ ಕೊನೆಯ ಕಾಲುವೆ, ಇವೆರಡರ ನಡುವೆ ಮೊಳೆ ಇದ್ದರೆ ರಿಪೇರಿ ಮಾಡಬಹುದು. ಅದರಾಚೆಗೆ ಟೈರು ಬಾಗಿ ಇಳಿಯುವ ಭುಜವಾಗಲಿ, ಪಕ್ಕದ ಗೋಡೆಯಾಗಲಿ, ಅಲ್ಲಿ ತೂತಾದರೆ ರಿಪೇರಿ ಇಲ್ಲ. ನಡುವಿನ ಭಾಗದ ಅಡಿಯಲ್ಲಿ ಉಕ್ಕಿನ ತಂತಿಯ ಪಟ್ಟಿಗಳಿವೆ, ಅದು ಗಟ್ಟಿಯಾಗಿ ನಿಲ್ಲುತ್ತದೆ, ಅದರ ಮೇಲೆ ಹಾಕಿದ ಪ್ಯಾಚ್ ಅಲುಗುವುದಿಲ್ಲ. ಭುಜ ಮತ್ತು ಗೋಡೆ ಹಾಗಲ್ಲ, ಗಾಳಿ ಸರಿಯಿದ್ದಾಗಲೂ ಪ್ರತಿ ಸುತ್ತಿಗೂ ಮಣಿಯುವುದೇ ಅವುಗಳ ಕೆಲಸ. ಹತ್ತು ಕಿಲೋಮೀಟರಿಗೆ ಐದು ಸಾವಿರ ಸಲ ಮಣಿಯುವ ಜಾಗದಲ್ಲಿ ಯಾವ ಪ್ಯಾಚೂ ನಿಲ್ಲುವುದಿಲ್ಲ. ಅಲ್ಲಿ ಹರಿದ ನೂಲನ್ನು ಪ್ಯಾಚ್ ಮತ್ತೆ ಕೂಡಿಸುವುದೂ ಇಲ್ಲ.

ನಮ್ಮ ಕಡೆ ಈ ಭುಜದ ಪಂಚರ್ ಕಡಿಮೆಯೇನಲ್ಲ. ಕಿರಿದು ರಸ್ತೆ, ಎದುರಿಗೆ ಬಸ್ಸು ಬಂದರೆ ಮಣ್ಣಿಗೆ ಇಳಿಯಬೇಕು, ಮತ್ತೆ ಡಾಂಬರಿನ ಅಂಚು ಹತ್ತಬೇಕು. ಹತ್ತುವಾಗ ಟೈರಿನ ಭುಜವೇ ಮೊದಲು ತಾಗುವುದು. ಜಲ್ಲಿ ಕಲ್ಲಿನ ಏಟು, ತಗಡಿನ ಚೂರು ಎಲ್ಲ ಅಲ್ಲೇ. ಆ ತೂತು ಸೂಜಿಯಷ್ಟೇ ಇದ್ದರೂ ಟೈರು ಬದಲಿಸಬೇಕಾಗುತ್ತದೆ.

ಇನ್ನು ಎಷ್ಟು ದೊಡ್ಡದು ಅನ್ನುವುದು. ಟೈರು ತಯಾರಿಸುವವರು ಒಪ್ಪಿಕೊಂಡ ಮಿತಿ 6 ಮಿಲಿಮೀಟರು, ಅಂದರೆ ಕಾಲು ಇಂಚು. ಅಳೆಯುವ ಸಾಧನ ಇಲ್ಲದಿದ್ದರೆ ಮಕ್ಕಳ ಪೆನ್ಸಿಲ್ ನೆನಪಿಟ್ಟುಕೊಳ್ಳಿ. ಅದು ಸುಮಾರು 7 ಮಿಲಿಮೀಟರು ದಪ್ಪ. ಪೆನ್ಸಿಲ್ ಹೋಗುವಷ್ಟು ತೂತಾಗಿದ್ದರೆ ಅದು ರಿಪೇರಿಯ ಮಿತಿ ದಾಟಿತು. ಲಾಳದ ಮೊಳೆ, ಸೆಂಟ್ರಿಂಗ್ ಮೊಳೆ, ಜಾಲಿ ಮುಳ್ಳು ಇವೆಲ್ಲ ಸಾಮಾನ್ಯವಾಗಿ ಮಿತಿಯ ಒಳಗೇ. ಆದರೆ ಟ್ರಾಲಿಯಿಂದ ಬಿದ್ದ ಬೋಲ್ಟು, ಕಬ್ಬಿಣದ ಸರಳಿನ ತುಂಡು ಹೊಕ್ಕರೆ ದಾಟುತ್ತದೆ. ತೂತು ದುಂಡಗಿಲ್ಲದೆ ಸೀಳಿದ ಹಂಗಿದ್ದರೂ ಬೇಡ. ಹಳೆಯ ಪ್ಯಾಚಿನ ಮೇಲೆ ಹೊಸ ಪ್ಯಾಚ್ ಬೀಳುವಷ್ಟು ಹತ್ತಿರ ಇನ್ನೊಂದು ತೂತಾದರೂ ರಿಪೇರಿ ಮಾಡಬಾರದು.

ಈ ಮೂರರ ಜೊತೆ ಟೈರಿನ ಸವೆತ ನೋಡಿ. ಆ ಉದ್ದ ಕಾಲುವೆಗಳ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ದಿಬ್ಬ ಇರುತ್ತದೆ. ಕಾರಿನ ಟೈರಿನಲ್ಲಿ ಅದರ ಎತ್ತರ 1.6 ಮಿಲಿಮೀಟರು. ಬಟನ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದಿದ್ದರೆ ಪಂಚರ್ ಇಲ್ಲದಿದ್ದರೂ ಆ ಟೈರಿನ ಆಯುಷ್ಯ ಮುಗಿದಿದೆ, ಅದಕ್ಕೆ ಪ್ಯಾಚಿನ ದುಡ್ಡೂ ದಂಡ. ಟೈರಿನ ಪಕ್ಕದಲ್ಲಿ ಒಂದು ಉದ್ದುದ್ದ ಗುಂಡಿಯಂಥ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ಹೊಸ ಟೈರು ಕೊಳ್ಳುವಾಗಲೂ ಇದನ್ನು ಓದಿ, ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದ ಮಾಲನ್ನು ಹೊಸದು ಅಂತ ಕೊಟ್ಟರೆ ಗೊತ್ತಾಗುತ್ತದೆ.

ಬತ್ತಿ ಕೆಟ್ಟದ್ದಾ?

ಊರ ಅಂಗಡಿಗಳಲ್ಲಿ ಹೆಚ್ಚಾಗಿ ಹಾಕುವುದು ಬತ್ತಿ, ಕೆಲವರು ಸ್ಟ್ರಿಪ್ ಅನ್ನುತ್ತಾರೆ. ಮೊಳೆ ಕಿತ್ತು, ಹಿಡಿಕೆಯ ಒರಟು ಸಲಾಕೆಯಿಂದ ತೂತು ಉಜ್ಜಿ, ಜಿಗುಟು ಬತ್ತಿಯನ್ನು ಸೂಜಿಯಿಂದ ಒಳಗೆ ತುರುಕುತ್ತಾರೆ. ಟೈರು ಬಿಡಿಸುವುದಿಲ್ಲ. ಇದರ ಮೇಲೆ ಸಾವಿರಾರು ಕಿಲೋಮೀಟರ್ ಓಡಿಸಿದವರು ನಮ್ಮೂರಲ್ಲೇ ಇದ್ದಾರೆ, ಸುಳ್ಳಲ್ಲ. ತೂತು ಸಣ್ಣದಿದ್ದು, ನಡುವಿದ್ದು, ಒಳಗೆ ಏನೂ ಆಗಿರದಿದ್ದರೆ ಬತ್ತಿ ಬಹಳ ದಿನ ಗಾಳಿ ಹಿಡಿಯುತ್ತದೆ.

ಆದರೆ ಒಳಗೆ ಏನೂ ಆಗಿಲ್ಲ ಅಂತ ಬತ್ತಿ ಹಾಕಿದವರಿಗೆ ಹೇಗೆ ಗೊತ್ತು? ನೋಡಿಯೇ ಇಲ್ಲವಲ್ಲ. ಎರಡನೇ ಕಾರಿಗೂ ಬತ್ತಿ ಸರಿಯಾಗಿಯೇ ಕೂರುತ್ತಿತ್ತು. ಜೊತೆಗೆ ಸಲಾಕೆಯನ್ನು ಜೋರಾಗಿ ತಿರುವಿ ತುರುಕಿದರೆ ಇನ್ನಷ್ಟು ತಂತಿ ಹರಿಯುತ್ತವೆ. ಬತ್ತಿಯ ಪಕ್ಕದಿಂದ ಮಳೆ ನೀರು ಇಳಿದರೆ ತಂತಿಗೆ ತುಕ್ಕು. ತುಕ್ಕು ಹಿಡಿದ ತಂತಿ ರಬ್ಬರನ್ನು ಬಿಡುತ್ತದೆ, ತಿಂಗಳುಗಳ ನಂತರ ಟೈರಿನ ಮೇಲೆ ಉಬ್ಬು ಬರುತ್ತದೆ. ಸ್ಟೇರಿಂಗಿಗೆ ಅಥವಾ ಸೀಟಿಗೆ ಟಕ ಟಕ ಅಂತ ಒಂದೇ ಲೆಕ್ಕದಲ್ಲಿ ಏಟು ಸಿಗಲು ಶುರುವಾದರೆ ನಿಲ್ಲಿಸಿ ಟೈರಿನ ಮೈ ಸವರಿ ನೋಡಿ. ಉಬ್ಬು ಸಿಕ್ಕರೆ ಆ ಟೈರನ್ನು ಅಲ್ಲೇ ಬಿಚ್ಚಿ ಸ್ಟೆಪ್ನಿ ಹಾಕಬೇಕು.

ಹಂಗಾಗಿ ಬತ್ತಿಯನ್ನು ಅಂಗಡಿ ಮುಟ್ಟುವವರೆಗಿನ ಆಸರೆ ಅಂದುಕೊಳ್ಳಿ. ರಾತ್ರಿ ದಾರಿಯಲ್ಲಿ ಸಿಕ್ಕಿಬಿದ್ದಾಗ ಅದು ದೊಡ್ಡ ಉಪಕಾರವೇ. ನಿಧಾನಕ್ಕೆ ಓಡಿಸಿ, ಒಂದೆರಡು ದಿನದಲ್ಲಿ ಟೈರು ಬಿಡಿಸಿ ಒಳಗೆ ನೋಡಿಸಿ, ಮಶ್ರೂಮ್ ಹಾಕಿಸಿ. ಈಗ ಬರುವ ಕೆಲವು ಕಾರುಗಳಲ್ಲಿ ಸ್ಟೆಪ್ನಿ ಇರುವುದಿಲ್ಲ. ಟೈರಿನ ಗಾಳಿ ತೋರಿಸುವ ಸಾಧನ ಮತ್ತು ರಿಪೇರಿ ಕಿಟ್ ಕೊಟ್ಟರೆ ಸಣ್ಣ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ ಅಂತ ಕೇಂದ್ರ ಸರ್ಕಾರ 2020ರಲ್ಲಿ ನಿಯಮ ಬದಲಿಸಿದೆ. ಆ ಕಿಟ್ಟಿನ ದ್ರವವೂ ಬತ್ತಿಯ ಹಂಗೆ ತಾತ್ಪೂರ್ತಿಕ. ಅದನ್ನು ಹಾಕಿದ್ದರೆ ಅಂಗಡಿಯವರಿಗೆ ಮೊದಲೇ ಹೇಳಿ, ಒಳಗೆಲ್ಲ ತೊಳೆದು ಒಣಗಿಸದೆ ಪ್ಯಾಚ್ ಅಂಟುವುದಿಲ್ಲ.

ಗಾಡಿ ಬೈಕಿದ್ದರೆ

ನಮ್ಮೂರಲ್ಲಿ ಕಾರಿಗಿಂತ ಬೈಕೇ ಹೆಚ್ಚು. ಟ್ಯೂಬ್‌ಲೆಸ್ ಬೈಕಿಗೂ ಅವೇ ಮೂರು ಪ್ರಶ್ನೆ, ಆದರೆ ಇನ್ನೂ ಬಿಗಿಯಾಗಿ. ಬೈಕಿನ ಟೈರು ದುಂಡಗಿರುತ್ತದೆ, ಬಟನ್ ಅಂಚಿನವರೆಗೂ ಇರುತ್ತದೆ, ಹಂಗಂತ ಅಂಚಿನವರೆಗೂ ಪ್ಯಾಚ್ ಹಾಕುವಂತಿಲ್ಲ. ನೆಟ್ಟಗೆ ಓಡುವಾಗ ರಸ್ತೆಗೆ ತಾಗುವ ನಡುವಿನ ಪಟ್ಟಿ ಎಷ್ಟಿದೆಯೋ ಅಷ್ಟರಲ್ಲೇ ರಿಪೇರಿ. ಮುಂದಿನ ಟೈರಿನ ಬಗ್ಗೆ ಅನುಮಾನ ಬಂದರೆ ದುಡ್ಡಿನ ಮುಖ ನೋಡಬೇಡಿ. ಕಾರಿಗೆ ಒಂದು ಟೈರು ಹೋದರೆ ಇನ್ನು ಮೂರಿವೆ, ಬೈಕಿಗೆ ಮುಂದಿನದು ಹೋದರೆ ಹ್ಯಾಂಡಲ್ಲೇ ಹೋಯಿತು.

ಕಡ್ಡಿ ಚಕ್ರದ ಬೈಕುಗಳಿಗೆ ಸಾಮಾನ್ಯವಾಗಿ ಒಳಗೆ ಟ್ಯೂಬು. ಅಲ್ಲಿ ಮೊಳೆ ಚುಚ್ಚಿದರೆ ಗಾಳಿ ಬೇಗ ಹೋಗುತ್ತದೆ. ಟ್ಯೂಬಿಗೆ ಪ್ಯಾಚ್ ಹಾಕಿದರೆ ಸಾಕು, ಆದರೆ ಟೈರಿನ ಒಳಗೆ ಕೈಯಾಡಿಸಿ ಮೊಳೆಯ ತುದಿ, ಮುಳ್ಳಿನ ಮೊನೆ ಉಳಿದಿದೆಯಾ ನೋಡಿಸಿ. ಜಾಲಿ ಮುಳ್ಳು ಮುರಿದು ಟೈರಿನಲ್ಲೇ ಉಳಿದು ಮರುದಿನ ಅದೇ ಜಾಗಕ್ಕೆ ಚುಚ್ಚುವುದು ನಮ್ಮ ಕಡೆ ದಿನಬೆಳಗಾದರೆ ನಡೆಯುವ ಕಥೆ. ಗಾಳಿ ಇಲ್ಲದೆ ಬೈಕ್ ಓಡಿಸಿದರೆ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬನ್ನು ಎಳೆದು ವಾಲನ್ನೇ ಬುಡದಿಂದ ಹರಿಯುತ್ತದೆ. ಅದಕ್ಕೆ ಪ್ಯಾಚ್ ಇಲ್ಲ, ಟ್ಯೂಬ್ ಬದಲಿಸಬೇಕು.

ಒಂದು ಸಲಹೆ ಮಾತ್ರ ಒಪ್ಪಿಕೊಳ್ಳಬೇಡಿ. ಟ್ಯೂಬ್‌ಲೆಸ್ ಟೈರಿನ ಗೋಡೆ ಹರಿದಾಗ, "ಒಳಗ ಒಂದು ಟ್ಯೂಬ್ ಹಾಕ್ತೀನಿ, ನಡಿತೈತಿ" ಅನ್ನುವವರಿದ್ದಾರೆ. ಟ್ಯೂಬು ಗಾಳಿಯನ್ನು ಹಿಡಿಯುತ್ತದೆ, ಹರಿದ ನೂಲಿನ ಕೆಲಸ ಮಾಡುವುದಿಲ್ಲ. ಹರಿದ ಚೀಲದೊಳಗೆ ಬಲೂನು ಇಟ್ಟು ಊದಿದ ಹಂಗೆ, ಹರಿದ ಜಾಗದಿಂದಲೇ ಅದು ಹೊರಬಂದು ಒಡೆಯುತ್ತದೆ.

ಅಂಗಡಿಯಲ್ಲಿ ಹೇಳಬೇಕಾದ ಮಾತು

ಇಷ್ಟನ್ನೂ ಅಂಗಡಿಯಲ್ಲಿ ವಾದ ಮಾಡುತ್ತ ಕೂರಬೇಕಿಲ್ಲ. ಟೈರು ಬಿಡಿಸಿ ಒಳಗೆ ನೋಡಿ ಅಂತ ಹೇಳಿ, ಬಿಡಿಸಿದಾಗ ನೀವೂ ಬಗ್ಗಿ ನೋಡಿ. ಪುಡಿ, ಸುಕ್ಕಿನ ಉಂಗುರ, ಕಾಣುವ ನೂಲು ಇದ್ದರೆ ಬದಲಿ. ಇಲ್ಲದಿದ್ದರೆ, ತೂತು ನಡುವಿದ್ದು ಪೆನ್ಸಿಲಿಗಿಂತ ಸಣ್ಣದಿದ್ದರೆ, ಮಶ್ರೂಮ್ ಪ್ಯಾಚ್. ಬದಲಿಸುವುದಾದರೆ ಪಕ್ಕದಲ್ಲಿ ಬರೆದ ಅಳತೆಯದ್ದೇ ಟೈರು ಹಾಕಿಸಿ. ಎದುರಿನ ಟೈರು ಬಹಳ ಸವೆದಿದ್ದರೆ ಎರಡನ್ನೂ ಜೋಡಿಯಾಗಿ ಬದಲಿಸುವುದು ಮೇಲು, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಪ್ಯಾಚ್ ಹಾಕಿಸಿದ ಮೇಲೆ ಒಂದು ವಾರ ದಿನಾ ಮುಂಜಾನೆ ಟೈರು ತಣ್ಣಗಿದ್ದಾಗ ಗಾಳಿ ನೋಡಿ. ನಮ್ಮ ಓಣಿಯ ಹುಡುಗ ಹಂಗೇ ನೋಡಿದ, ಏಳು ದಿನವೂ 33 ಕದಲಲಿಲ್ಲ. ಆಮೇಲೆ ಅದೇ ಟೈರನ್ನು ಅಜ್ಜನ ಗದಗಿನ ಓಡಾಟಕ್ಕೆ ಧೈರ್ಯವಾಗಿ ಬಳಸಿದ.

ಮೊಳೆಯ ಬಗ್ಗೆ ಒಂದು ಮಾತು ಉಳಿಯಿತು. ಸುಮಾರು ಹತ್ತು ವರ್ಷದ ಹಿಂದೆ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಾಫ್ಟ್‌ವೇರ್ ಕೆಲಸದವರೊಬ್ಬರು ಮೇಲಿಂದ ಮೇಲೆ ಪಂಚರ್ ಆಗಿ ಬೇಸತ್ತು, ಕೋಲಿಗೆ ಅಯಸ್ಕಾಂತ ಕಟ್ಟಿಕೊಂಡು ಕೆಲಸಕ್ಕೆ ಹೋಗುವ ದಾರಿಯಲ್ಲಿ ಕಿಲೋಗಟ್ಟಲೆ ಮೊಳೆ ಆರಿಸಿದ್ದು ಸುದ್ದಿಯಾಗಿತ್ತು. ನಮ್ಮಲ್ಲಿ ಎತ್ತಿಗೆ ಲಾಳ ಬಡಿಯುವ ಜಾಗ ಎಲ್ಲರಿಗೂ ಗೊತ್ತು. ಹಳೆ ಸ್ಪೀಕರ್ ಒಡೆದರೆ ಅದರ ಹಿಂದೆ ಚಲೋ ಅಯಸ್ಕಾಂತ ಸಿಗುತ್ತದೆ. ಅದಕ್ಕೆ ಹಗ್ಗ ಕಟ್ಟಿ ಕೆಲಸ ಮುಗಿದ ಮೇಲೆ ಆ ಮಣ್ಣಿನ ಮೇಲೆ ಎರಡು ಸಲ ಎಳೆದರೆ ಬಿದ್ದ ಮೊಳೆಯೆಲ್ಲ ಅದಕ್ಕೇ ಅಂಟಿ ಬರುತ್ತವೆ. ಐದು ನಿಮಿಷದ ಕೆಲಸ ಅದು.